ಗಟ್ಟಿ ನೀರು

ಗದಿಗೆಮ್ಮನಿಗೆ ಬೇಕಾಗಿದ್ದದ್ದು ನೀರು. ಬರೀ ನೀರು. ಮಿಯಾಪುರದ ಆ ತಗಡಿನ ಮಾಡಿನ ಕೋಣೆಯಲ್ಲಿ ಮಂಚದ ಮೇಲೆ ಒರಗಿಕೊಂಡು, ಎಡಗೈ ಎಡಗಾಲುಗಳನ್ನು ಯಾರೋ ಇಟ್ಟುಹೋದ ಸಾಮಾನಿನ ಹಾಗೆ ಪಕ್ಕಕ್ಕೆ ಬಿಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಅದೊಂದನ್ನೇ ಕೇಳುತ್ತಿದ್ದಳು. ಲಕ್ವ ಹೊಡೆದು ಬಾಯಿ ಒಂದು ಕಡೆ ಜಾರಿತ್ತು, ಮಾತು ತೊದಲುತ್ತಿತ್ತು. ಆದರೆ ಮಾತಿನ ಖಾರ ಒಂದಿಷ್ಟೂ ಇಳಿದಿರಲಿಲ್ಲ.

"ಭಾಗ್ಯಾ, ನೀರ ಕೊಡತೀಯೋ, ಇಲ್ಲಾ ನಾನ ಎದ್ದು ಹೋಗಿ ಕುಡೀಲೋ?"

"ಏಳ್ರಿ ಅತ್ತಿ, ಎದ್ದು ಕುಡೀರಿ. ನೀವು ಎದ್ದು ಕೊಡದ ಮಟ ಹೋದ್ರ ಓಣಿಗೆಲ್ಲಾ ಪೇಡೆ ಹಂಚತೀನಿ."

"ಪೇಡೆ ಹಂಚೋಕಿ! ಒಂದ ಗುಟುಕು ನೀರಿಗೆ ಗತಿ ಇಲ್ಲ ಈ ಮನ್ಯಾಗ."

ಸೊಸೆ ಭಾಗ್ಯಶ್ರೀ ನಕ್ಕು ಮುಖ ತಿರುಗಿಸುತ್ತಿದ್ದಳು. ಕೊಡ ತುಂಬಿ ಮೂಲೆಗಿಟ್ಟು, ಮೇಲೆ ತಾಟು ಮುಚ್ಚಿದ್ದಳು. ತಣ್ಣಗಿನ ನೀರು, ಅತ್ತೆಯ ಕೈಗೆ ಎರಡು ಮಾರು ದೂರದಲ್ಲಿ. ಅದನ್ನು ಕೊಡದೆ ಇರುವುದೇ ಅವಳ ಪಾಲಿನ ಸೇವೆಯಾಗಿತ್ತು.

ದೊಡ್ಡ ದವಾಖಾನೆಯಿಂದ ಬಿಡುಗಡೆಯಾಗುವಾಗ, ನುಂಗುವುದನ್ನು ಕಲಿಸುವ ಶ್ರೀಲಕ್ಷ್ಮಿ ಎಂಬ ಹುಡುಗಿ ಬಂದು ಮಂಚದ ಪಕ್ಕ ಕೂತಿದ್ದಳು. ತಾಯಿಯ ಕಡೆ ರಾಯಚೂರಂತೆ, ಹಾಗಾಗಿ ತೆಲುಗು, ಹಿಂದಿ, ಕನ್ನಡ ಮೂರನ್ನೂ ಕಲೆಸಿ ಮಾತಾಡುತ್ತಿದ್ದಳು. "ಅಕ್ಕಾ, ಗಂಟಲದಾಗ ಎರಡು ದಾರಿ ಅದಾವು. ಒಂದು ಹೊಟ್ಟಿಗೆ, ಒಂದು ಪುಪ್ಪುಸಕ್ಕ. ನಾವು ನುಂಗೂ ಮುಂದ ಪುಪ್ಪುಸದ ದಾರಿ ತಾನ ಮುಚ್ಚಿಕೋತದ. ಇವರದು ತಡಾ ಮಾಡಿ ಮುಚ್ಚತದ. ನೀರು ಭಾಳ ಜೋರ್ ಓಡತದ, ಬಾಗಿಲ ಮುಚ್ಚೂದರಾಗ ಒಳಗ ಹೋಗಿರತದ. ಅದಕ್ಕ ಗಟ್ಟಿ ಮಾಡಿ ಕೊಡ್ರಿ. ಗಟ್ಟಿ ಇದ್ದದ್ದು ನಿಧಾನ ಇಳೀತದ."

ಅವಳು ಒಂದು ಪುಡಿಯ ಡಬ್ಬಿ ಕೊಟ್ಟು, ಲೋಟದ ನೀರಿಗೆ ಹಾಕಿ ಕಲಸಿ, ಚಮಚ ಎತ್ತಿ ತೋರಿಸಿದಳು. ನೀರು ಜೇನುತುಪ್ಪದಂತೆ ನಿಧಾನ ಇಳಿಯಿತು. "ಇಷ್ಟು ಬರಬೇಕು. ನೆಟ್ಟಗ ಕೂಡಿಸಿ, ಗದ್ದ ಎದಿಗೆ ಹತ್ತಿಸಿ, ಒಂದೊಂದ ಚಮಚಾ. ಆಮ್ಯಾಲೆ 'ಆ' ಅನ್ನಸ್ರಿ. ದನಿ ಹಸಿ ಹಸಿ ಬಂತಂದ್ರ ನಿಲ್ಲಸ್ರಿ. ಅನ್ನದಾಗ ತಿಳೀ ಸಾರು ಹಾಕಿ ಕೊಡಬ್ಯಾಡ್ರಿ, ಎರಡು ಥರದ್ದು ಒಂದ ಸಲಕ್ಕ ಬಾಯಾಗ ಇರಬಾರದು." ಭಾಗ್ಯಶ್ರೀ ಎಲ್ಲದಕ್ಕೂ ತಲೆಯಾಡಿಸಿದಳು. ಕೈಯಿಂದ ಮಾಡಿ ತೋರಿಸಿದ ಕೆಲಸ ಅವಳಿಗೆ ಬೇಗ ಹತ್ತುತ್ತದೆ. ಅಮೀರ್‌ಪೇಟ್‌ನ ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುವವಳು ಅವಳು. ಹಿಟ್ಟು ಎಷ್ಟು ನೀರು ಹಿಡಿಯುತ್ತದೆ, ಪಾಕ ಎಲ್ಲಿ ಎಳೆ ಬರುತ್ತದೆ ಎನ್ನುವುದನ್ನು ಚಮಚ ಎತ್ತಿದರೆ ಹೇಳಿಬಿಡುತ್ತಿದ್ದಳು.

ಆದರೆ ಆ ಪುಡಿಯ ನೀರನ್ನು ಗದಿಗೆಮ್ಮ ಮೊದಲ ದಿನವೇ ಉಗಿದಳು.

"ಇದೇನ ಹುಡಗಿ, ಗ್ವಾಡಿಗೆ ಪೋಸ್ಟರ ಹಚ್ಚೋ ಅಂಟೇನ?"

"ಡಾಕ್ಟರ್ ಕೊಟ್ಟಿದ್ದ ಐತ್ರಿ ಅತ್ತಿ."

"ಹಂಗಾರ ಅವರ ದವಾಖಾನಿ ಗ್ವಾಡಿಗೆ ಹಚ್ಚಕೊಳ್ಳಲಿ. ನನ್ನ ಬಾಯಿಗ್ಯಾಕ?"

ಅಕ್ಕಿಯ ಗಂಜಿಯನ್ನು ಗಟ್ಟಿಯಾಗಿ ಕುದಿಸಿ, ಸೋಸಿ ಕೊಟ್ಟರೆ "ನಾ ಏನ ಬಾಣಂತೇನ?" ಎನ್ನುವಳು. ರಾಗಿ ಅಂಬಲಿ ಎರಡು ದಿನ ಕುಡಿದಳು, ಮೂರನೆಯ ದಿನ ಚಮಚ ಕಂಡ ಕೂಡಲೇ ತುಟಿ ಬಿಗಿದಳು. ಪುಡಿಯ ಡಬ್ಬಿ ಖಾಲಿಯಾದ ಮೇಲೆ ಔಷಧಿ ಅಂಗಡಿಯವನು ತರಿಸಿಕೊಡುತ್ತೇನೆ ಎಂದವನು ತರಿಸಲೇ ಇಲ್ಲ. ಕೇಳಿದಾಗೆಲ್ಲ "ವಚ್ಚೇಸ್ತುಂದಿ ಅಮ್ಮಾ", ಬಂದುಬಿಡುತ್ತದೆ ಅಮ್ಮಾ, ಎನ್ನುತ್ತಿದ್ದ.

ಮೇಲೆ ತಗಡು ಕಾಯುತ್ತಿತ್ತು. ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಗದಿಗೆಮ್ಮನ ನಾಲಿಗೆ ಒಣಗಿ ಸೀಳು ಬಿಟ್ಟಿತು, ಮೂತ್ರ ಕಮ್ಮಿಯಾಗಿ ಕೆಂಪಗಾಯಿತು. ಹೊಟ್ಟೆಯಂತೂ ನಿಂತೇ ಹೋಯಿತು. ಒಂದು ವಾರವಾದರೂ ಹೊರಕಡೆಗೆ ಹೋಗಲಿಲ್ಲ.

ಭಾಗ್ಯಶ್ರೀಯ ಗಂಡ ಆನಂದಕುಮಾರ ಗೋದಾಮೊಂದರಲ್ಲಿ ರಾತ್ರಿ ಕಾವಲು. ಹಗಲಿಗೆ ಅದೇ ಕೋಣೆಯಲ್ಲಿ, ಮುಖಕ್ಕೆ ಟವೆಲ್ ಮುಚ್ಚಿ ಮಲಗುವನು. ಭಾಗ್ಯಶ್ರೀ ನಸುಕಿನ ಮೆಟ್ರೋಗೆ ಹೋಗಿ ಮಧ್ಯಾಹ್ನದ ಅಡುಗೆ ಮುಗಿಸಿ ಬರುವವರೆಗೆ ತಾಯಿಯ ಹತ್ತಿರ ಅವನೇ. ಮಗಳು ತಾರಾಳನ್ನು ಬೇಸಿಗೆ ರಜೆಗೆಂದು ಸೇಡಂಗೆ, ಭಾಗ್ಯಶ್ರೀಯ ತವರಿಗೆ ಕಳಿಸಿದ್ದರು. ಹಾಗೆ ಕಳಿಸಿದ್ದಕ್ಕೆ ಮಗಳು ಫೋನಿನಲ್ಲಿ ಇನ್ನೂ ಸಿಟ್ಟು ಮಾಡುತ್ತಿದ್ದಳು. ಯಾರನ್ನು ಸಮಾಧಾನ ಮಾಡಬೇಕು, ಯಾರನ್ನು ಬಿಡಬೇಕು ಎನ್ನುವ ಲೆಕ್ಕ ಭಾಗ್ಯಶ್ರೀಗೆ ತಪ್ಪಿಹೋಗಿತ್ತು.

ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಬಂಡೆಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಭಾಗ್ಯಶ್ರೀಗಿಂತ ಇಪ್ಪತ್ತು ವರ್ಷ ಹಿರಿಯಳು, ಹೇಳುವುದಕ್ಕೆ ಹಿಂದೆಮುಂದೆ ನೋಡುವವಳಲ್ಲ.

"ನಿಮ್ಮತ್ತಿಗೆ ಸಬ್ಜಾ ಯಾಕ ಕೊಡವಲ್ಲಿ? ಮೈಗೂ ತಂಪು, ಹೊಟ್ಟೀನೂ ಸಾಫ್ ಆಗತೈತಿ. ನಾರಿನ ಅಂಶ ಭಾಳ ಐತಂತ ಅದರಾಗ. ನೀರ ಹಿಡಕೊಂಡು ಉಬ್ಬತೈತಲ್ಲ, ಹೊಟ್ಟ್ಯಾಗೂ ಹಂಗ ಉಬ್ಬಿ, ಒಳಗಿಂದೆಲ್ಲಾ ಮೆತ್ತಗ ಮಾಡಿ ದೂಡಿಕೊಂಡ ಹೋಗತೈತಿ."

ಸಬ್ಜಾ ಅಂದರೆ ಕಾಮಕಸ್ತೂರಿಯ ಬೀಜ, ಎಳ್ಳಿಗಿಂತ ಸಣ್ಣದು, ಕರಿಯದು. ಭಾಗ್ಯಶ್ರೀಗೆ ಅದು ಹೊಸದೇನಲ್ಲ. ಬೇಸಿಗೆ ಬಂತೆಂದರೆ ಹಾಸ್ಟೆಲಿನಲ್ಲಿ ದಿನಾ ನಿಂಬೆ ಶರಬತ್ತು. ಬಿಸಿಲಲ್ಲಿ ಕೋಚಿಂಗಿನಿಂದ ಬರುವ ಹುಡುಗಿಯರಿಗೆ ಅದು ಇಲ್ಲದೆ ಊಟವೇ ಇಲ್ಲ. ಅವಳು ಬಂದ ಕೂಡಲೇ ಮಾಡುವ ಮೊದಲ ಕೆಲಸ, ಬೊಗಸೆ ಸಬ್ಜಾವನ್ನು ಸ್ಟೀಲಿನ ಪಾತ್ರೆಗೆ ಹಾಕಿ ನೀರು ಸುರಿಯುವುದು. ಒಲೆ ಹಚ್ಚಿ ತಿರುಗುವಷ್ಟರಲ್ಲಿ ಬೀಜಗಳ ಸುತ್ತ ಬಿಳಿ ಪೊರೆ ಎದ್ದಿರುತ್ತದೆ. ಬೇಳೆ ಕುದಿಯುವ ಹೊತ್ತಿಗೆ ಪಾತ್ರೆ ತುಂಬ ಕಪ್ಪೆ ಮೊಟ್ಟೆಯಂತೆ ಉಬ್ಬಿ ಕೂತಿರುತ್ತವೆ. ಯಾವಳಾದರೂ ಹುಡುಗಿ ಆಸೆಗೆ ಒಣ ಬೀಜ ಬಾಯಿಗೆ ಹಾಕಿಕೊಳ್ಳಲು ಹೋದರೆ ಬಂಡೆಮ್ಮ ಕೈಗೆ ಹೊಡೆಯುವಳು: "ಒಣಾ ತಿನಬ್ಯಾಡ್ರೆವ್ವಾ! ಗಂಟಲಾಗ ಹೋಗಿ ಉಬ್ಬಿ ಕುಂತಾವು." ನೆನೆದದ್ದು ಉಬ್ಬಿ ಮುಗಿದದ್ದು, ಅದರಿಂದ ಏನೂ ಆಗುವುದಿಲ್ಲ ಎನ್ನುವುದು ಆ ಅಡುಗೆಮನೆಯ ತಿಳಿವಳಿಕೆ.

ಆ ದಿನ ನೀರು ಕಮ್ಮಿ ಹಾಕಿದ್ದಳೋ, ಬೀಜ ಹೆಚ್ಚಾಗಿತ್ತೋ. ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ನೀರೇ ಇಲ್ಲ. ಎಲ್ಲವನ್ನೂ ಬೀಜಗಳೇ ಕುಡಿದು ಮುದ್ದೆಯಾಗಿದ್ದವು. ಭಾಗ್ಯಶ್ರೀ ಸೌಟು ಅದ್ದಿ ಎತ್ತಿದಳು. ಸೌಟಿನ ಅಂಚಿನಿಂದ ಅದು ನಿಧಾನ, ಮೆಲ್ಲಗೆ, ಒಂದೇ ಧಾರೆಯಾಗಿ ಇಳಿಯಿತು.

ಅವಳು ಹಾಗೇ ನಿಂತಳು. ಮತ್ತೊಮ್ಮೆ ಎತ್ತಿದಳು. ಶ್ರೀಲಕ್ಷ್ಮಿ ದವಾಖಾನೆಯಲ್ಲಿ ತೋರಿಸಿದ್ದು ಇದನ್ನೇ ಅಲ್ಲವೇ? ಪುಡಿ ಬೇಡ, ಗಂಜಿ ಬೇಡ. ತಂಪಿನದು, ರುಚಿಯದು, ಹೊಟ್ಟೆಗೂ ಒಳ್ಳೆಯದು, ಮೇಲಾಗಿ ತಾನೇ ಗಟ್ಟಿಯಾಗುವ ನೀರು! ಬಂಡೆಮ್ಮನಿಗೆ ಹೇಳಿದಾಗ ಅವಳೂ ರೊಟ್ಟಿ ಬಿಟ್ಟು ಬಂದು ನೋಡಿದಳು.

"ನೋಡ್ದೇನ? ನಿನ್ನ ಡಾಕ್ಟರಿಗೆ ಅಡಗಿ ಮನೀ ಬುದ್ಧಿ ಎಲ್ಲಿಂದ ಬರಬೇಕು?"

ಅಂದು ಭಾಗ್ಯಶ್ರೀ ಆ ಮುದ್ದೆಯನ್ನು ಬಾಟಲಿಗೆ ತುಂಬಿಕೊಂಡಳು. ಸಕ್ಕರೆ, ಚೂರು ನಿಂಬೆ, ಹಾಸ್ಟೆಲಿನ ಹುಡುಗಿಯರ ಗುಲಾಬಿ ಶರಬತ್ತಿನಿಂದ ನಾಲ್ಕು ಹನಿ. ಅಮೀರ್‌ಪೇಟ್ ನಿಲ್ದಾಣದ ನೂಕಾಟದಲ್ಲಿ ಬಾಟಲಿಯನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ನಿಂತಳು. ಎಷ್ಟೋ ದಿನದ ಮೇಲೆ ಮನೆಗೆ ಹೋಗುವುದಕ್ಕೆ ಅವಸರವೆನಿಸಿತ್ತು.

ಗದಿಗೆಮ್ಮನನ್ನು ನೆಟ್ಟಗೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಗದ್ದ ತಗ್ಗಿಸಿ ಮೊದಲ ಚಮಚ ಬಾಯಿಗಿಟ್ಟಳು. ಮುದುಕಿ ಉಗಿಯಲು ಅಣಿಯಾಗಿ ತುಟಿ ಮುಂದೆ ಮಾಡಿದವಳು ಅಲ್ಲೇ ತಡೆದಳು. ನಾಲಿಗೆ ಆಡಿಸಿದಳು. ನುಂಗಿದಳು.

"ಬಾಯಾಗ ಮೀನಮರಿ ಆಡಿದಂಗ ಆತಲ್ಲ."

"ಸಬ್ಜಾ ಐತ್ರಿ ಅತ್ತಿ. ಛಲೋ ಐತೇನು?"

"ಈಗ ನೆನಪಾತೇನ ನಿನಗ? ಇಷ್ಟ ದಿನಾ ಅಂಟು ತಿನಿಸಿದಿ. ಇನ್ನೊಂದ ಹಾಕು, ನೋಡ್ಕೋತ ಕುಂತಿ."

ಆಕೆ ಲೋಟದ ಅರ್ಧ ಮುಗಿಸಿದಳು. ಕೆಮ್ಮಲಿಲ್ಲ. ಕಣ್ಣಂಚಿಗೆ ನೀರು ಬಂದಿತ್ತು, ಸಂತೋಷದ್ದೋ, ತಂಪಿನದೋ. ಶ್ರೀಲಕ್ಷ್ಮಿ ಹೇಳಿಕೊಟ್ಟಂತೆಯೇ ಭಾಗ್ಯಶ್ರೀ, "'ಆ' ಅನ್ರಿ ಅತ್ತಿ" ಎಂದಳು.

"ಆ... ಯಾಕ? ನೀನೂ ಡಾಕ್ಟರ್ ಆದೇನ?"

ದನಿಯಲ್ಲಿ ಒಂದಿಷ್ಟು ಗೊರಗೊರ ಇತ್ತು. ಕೊಡದ ತಳದಲ್ಲಿ ನೀರು ಅಲ್ಲಾಡಿದಂಥ ಸದ್ದು. ಭಾಗ್ಯಶ್ರೀಗೆ ಕೇಳಿಸದೆ ಇರಲಿಲ್ಲ. ಸಿಹಿಗೆ ಕಫ ಕಟ್ಟಿರಬೇಕು ಅಂದುಕೊಂಡಳು. ಅಷ್ಟು ದಿನದ ಮೇಲೆ ಅತ್ತೆ ತಾನಾಗಿ ಬಾಯಿ ತೆರೆದಿದ್ದಳು. ಆ ಬಾಯಿಯನ್ನು ಮುಚ್ಚಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಆಮೇಲೆ ದಿನಾ ಅದೇ ಆಯಿತು. ಮೆಟ್ರೋದಿಂದ ಇಳಿದು ಓಣಿ ತಿರುಗುವಾಗಲೇ ಒಳಗಿಂದ "ಬಂತೇನ ನನ್ನ ಮೀನಮರಿ?" ಎಂದು ಕೂಗು. ಆನಂದಕುಮಾರ ಟವೆಲ್ ಸರಿಸಿ ನಗುವನು. "ನಾ ಬಂದ್ರ ಒಮ್ಮೆನೂ ಹಿಂಗ ಕೇಳಿಲ್ಲ ನಮ್ಮವ್ವ" ಎನ್ನುವನು. ಆದರೆ ಹೊಟ್ಟೆ ಮಾತ್ರ ಹೇಳಿದಂತೆ ಕೇಳಲಿಲ್ಲ. ಸಾಫಾಗುವ ಬದಲು ಬಿಗಿಯಿತು. ಸಂಜೆಗೆ ಮುಟ್ಟಿದರೆ ಹಲಗೆಯಂತೆ ಗಟ್ಟಿ. ಗದಿಗೆಮ್ಮ "ಒಳಗ ಯಾರೋ ಬಿಡಾರ ಹೂಡ್ಯಾರ" ಎಂದು ನರಳುವಳು, ಆ ನರಳಿಕೆಯಲ್ಲೇ ಮತ್ತೊಂದು ಚಮಚ ಕೇಳುವಳು. ಭಾಗ್ಯಶ್ರೀ ಬಂಡೆಮ್ಮನನ್ನು ಕೇಳಿದಳು.

"ಬೀಜ ಸಾಲವಲ್ಲವು. ಇನ್ನೊಂದೀಟ ಹೆಚ್ಚ ಹಾಕು."

ಭಾಗ್ಯಶ್ರೀ ಬೀಜ ಹೆಚ್ಚು ಹಾಕಿದಳು. ನೀರು ಅಷ್ಟೇ ಇಟ್ಟಳು, ಗಟ್ಟಿ ಇರಬೇಕಲ್ಲ.

ಆವತ್ತು ಶನಿವಾರ. ಮೆಟ್ರೋದಲ್ಲಿ ಏಸಿ ಕೆಟ್ಟು ಜನ ಬೆವರಿನಲ್ಲಿ ತೊಯ್ದಿದ್ದರು. ಮನೆಗೆ ಬಂದಾಗ ಬಾಟಲಿ ಬೆಚ್ಚಗಾಗಿತ್ತು. ಎತ್ತಿ ನೋಡಿದರೆ ಬೀಜಗಳೆಲ್ಲ ಕೆಳಗೆ ಕೂತು, ಮೇಲೆ ಎರಡು ಬೆರಳು ತಿಳಿ ಗುಲಾಬಿ ನೀರು ನಿಂತಿತ್ತು. ಅವಳು ಅಲುಗಾಡಿಸಿ ಒಂದು ಮಾಡಿದಳು. ಸಾರು ತಳಕ್ಕೆ ಕೂತರೆ ಮಾಡುವುದೂ ಅದನ್ನೇ ತಾನೇ.

ಆನಂದಕುಮಾರ ನೆಲದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅತ್ತೆಯನ್ನು ಕೂಡಿಸಿ, ಗದ್ದ ತಗ್ಗಿಸಿ ಮೂರು ಚಮಚ ಕೊಟ್ಟಾಯಿತು. ನಾಲ್ಕನೆಯದನ್ನು ಬಾಯಲ್ಲಿ ಇಟ್ಟುಕೊಂಡೇ ಗದಿಗೆಮ್ಮ ಮಗನ ಕಡೆ ಕಣ್ಣು ಹೊರಳಿಸಿದಳು.

ಅದೇ ಹೊತ್ತಿಗೆ ಅವನ ಗೊರಕೆ ಒಂದು ದೊಡ್ಡ ಹಾರ್ನ್ ಬಾರಿಸಿ ನಿಂತಿತು.

"ಕಳ್ಳರು... ಯಾಕ ಬರಂಗಿಲ್ಲ ಗೋದಾಮಿಗೆ... ಈಗ ತಿಳೀತು ನೋಡು" ಎಂದಳು ಬಾಯಿ ತುಂಬಿಕೊಂಡೇ.

ಭಾಗ್ಯಶ್ರೀಗೆ ನಗು ಬಂತು. ಅವಳು ನಕ್ಕಿದ್ದನ್ನು ನೋಡಿ ಮುದುಕಿಗೂ ಬಂತು. ನಗುವುದಕ್ಕೆ ಉಸಿರು ಎಳೆದಳು.

ಸದ್ದೇ ಆಗಲಿಲ್ಲ. ಕೆಮ್ಮಲಿಲ್ಲ, ಕೂಗಲಿಲ್ಲ. ಬಾಯಿ ತೆರೆದೇ ಇತ್ತು, ಆ ಬಾಯಿಂದ ಗಾಳಿ ಹೋಗುತ್ತಲೂ ಇರಲಿಲ್ಲ, ಬರುತ್ತಲೂ ಇರಲಿಲ್ಲ. ಬಲಗೈ ಎದ್ದು ಭಾಗ್ಯಶ್ರೀಯ ಸೀರೆಯನ್ನು ಹಿಡಿಯಿತು. ಕಣ್ಣುಗಳು ದೊಡ್ಡವಾದವು.

"ಅತ್ತಿ? ಕೆಮ್ಮ್ರಿ ಅತ್ತಿ. ಕೆಮ್ಮ್ರಿ!"

ಕೆಮ್ಮಲಿಕ್ಕೂ ಒಳಗೆ ಉಸಿರು ಬೇಕಲ್ಲ. ತುಟಿಯ ಬಣ್ಣ ಅವಳ ಕಣ್ಣೆದುರೇ ಕಪ್ಪಿಟ್ಟಿತು. ಭಾಗ್ಯಶ್ರೀ ಬಾಯಿಗೆ ಬೆರಳು ಹಾಕಿದಳು. ಬೀಜಗಳು ಬೆರಳಿಗೆ ಸಿಕ್ಕವು, ಸಿಕ್ಕ ಕೂಡಲೇ ಜಾರಿದವು. ಹಿಡಿಯಹೋದಷ್ಟೂ ಹಿಂದೆ ಹಿಂದೆ ಸರಿದವು. ತಾನೇ ಒಳಗೆ ತಳ್ಳುತ್ತಿದ್ದೇನೆ ಎಂದು ತಿಳಿದು ಬೆರಳು ಕಿತ್ತುಕೊಂಡು ಚೀರಿದಳು.

"ರೀ! ಏಳ್ರೀ! ಅತ್ತಿ!"

ಆನಂದಕುಮಾರ ಎದ್ದವನೇ ತಾಯಿಯನ್ನು ಮಂಚದಿಂದ ಎಳೆದು ತನ್ನ ತೋಳಿನ ಮೇಲೆ ಮುಂದಕ್ಕೆ ಬಾಗಿಸಿ, ಅಂಗೈಯ ಬುಡದಿಂದ ಎರಡು ಭುಜಗಳ ನಡುವೆ ಹೊಡೆದ. ಗೋದಾಮಿನಲ್ಲಿ ಒಮ್ಮೆ ಬೆಂಕಿಯ ತರಬೇತಿಗೆ ಬಂದವರು ತೋರಿಸಿಕೊಟ್ಟಿದ್ದರಂತೆ. ತಾಯಿಯನ್ನು ಹೊಡೆಯುತ್ತಿದ್ದೇನೆಂದು ಅವನ ಬಾಯಿ ತಾನಾಗಿ "ತಪ್ಪಾತವ್ವ, ತಪ್ಪಾತು" ಎನ್ನುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಭಾಗ್ಯಶ್ರೀಗೆ ಮಾಡಲು ಏನೂ ಉಳಿದಿರಲಿಲ್ಲ. ಚಮಚ ಹಿಡಿದೇ ನಿಂತಿದ್ದಳು. ಅವನು ಹೊಡೆದ ಪೆಟ್ಟೊಂದಕ್ಕೆ ಲೋಳೆಯ ಉಂಡೆ, ಒಳಗೆ ಕರಿ ಚುಕ್ಕೆಗಳು, ನೆಲಕ್ಕೆ ಬಿತ್ತು. ಹಿಂದೆಯೇ ಬಾಗಿಲ ಸಂದಿಯ ಗಾಳಿಯಂತೆ ಸೀಟಿ ಹೊಡೆದುಕೊಂಡು ಒಂದು ಉಸಿರು ಒಳಗೆ ಹೋಯಿತು.

ಗದಿಗೆಮ್ಮ ಬಹಳ ಹೊತ್ತು ಮಗನ ತೋಳಿನ ಮೇಲೆಯೇ ಇದ್ದಳು. ಮುಖಕ್ಕೆ ಬಣ್ಣ ಬಂದ ಮೇಲೆ ಆಡಿದ ಮೊದಲ ಮಾತು:

"ನೀರ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಂದದ್ದು ಹೋಯಿತು ಎಂದು ಅವರು ಅಂದುಕೊಂಡರು. ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಇನ್ನೇನು? ಉಸಿರಿನಲ್ಲಿ ಸಣ್ಣ ಗೊರಗೊರ ಮಾತ್ರ ಉಳಿಯಿತು. ಮರುದಿನ ಮೈ ಸುಡತೊಡಗಿತು. ಪಕ್ಕೆಲುಬು ಒಳಗೆ ಸೇದುವ ಹಾಗೆ ಉಸಿರು ಓಡತೊಡಗಿತು. ಬೈಯುವುದು ನಿಂತಿತು. ಆಗ ಆನಂದಕುಮಾರ ನೂರಾ ಎಂಟಕ್ಕೆ ಫೋನ್ ಮಾಡಿದ.

ದೊಡ್ಡ ದವಾಖಾನೆಯ ವಾರ್ಡಿನಲ್ಲಿ ಫ್ಯಾನುಗಳಿಗಿಂತ ಜನ ಹೆಚ್ಚು. ಡಾಕ್ಟರು ಎದೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಬಲಗಡೆಯ ಪುಪ್ಪುಸದ ತಳ ಬೆಳ್ಳಗಾಗಿದೆ, ನಿಮೋನಿಯಾ, ತಿಂದದ್ದು ಕುಡಿದದ್ದು ಅಲ್ಲಿ ಇಳಿದಿದೆ ಎಂದರು. ಹೊಟ್ಟೆಯ ಫಿಲ್ಮ್ ನೋಡಿ, ಮಲ ತುಂಬಿ ಕಲ್ಲಾಗಿದೆ ಎಂದರು. ಮೂಗಿಗೆ ಆಮ್ಲಜನಕ, ಕೈಗೆ ಸಲೈನು. ಭಾಗ್ಯಶ್ರೀ ಆ ಸಲೈನಿನ ಬಾಟಲಿಯನ್ನೇ ನೋಡುತ್ತ ಕೂತಳು. ನೀರು ಹನಿ ಹನಿಯಾಗಿ, ಯಾವ ಗಲಾಟೆಯೂ ಇಲ್ಲದೆ ಅತ್ತೆಯ ಮೈಯೊಳಗೆ ಹೋಗುತ್ತಿತ್ತು.

ಮಧ್ಯಾಹ್ನ ಶ್ರೀಲಕ್ಷ್ಮಿ ಬಂದಳು. ಹೆಗಲ ಚೀಲ ಇಳಿಸಲೂ ಇಲ್ಲ, "ಏನ ಕೊಟ್ಟಿರಿ ಅಕ್ಕಾ?" ಎಂದಳು.

ಭಾಗ್ಯಶ್ರೀ ಮುಚ್ಚಿಡಲಿಲ್ಲ. ಬೀಜ, ಸೌಟು, ಧಾರೆ, ಎಲ್ಲವನ್ನೂ ಹೇಳಿದಳು. "ನೀವು ತೋರಿಸಿದಂಗ ಇತ್ತ್ರಿ. ಚಮಚಾದಿಂದ ಹಂಗ ನಿಧಾನ ಇಳೀತಿತ್ತು. ನಾ ಎರಡೆರಡ ಸಲ ನೋಡೀನಿ."

ಶ್ರೀಲಕ್ಷ್ಮಿ ಚೀಲ ಇಳಿಸಿ ಮಂಚದ ಅಂಚಿಗೆ ಕೂತಳು.

"ನೋಡಲಿಕ್ಕ ಹಂಗ ಕಾಣತದ ಅಕ್ಕಾ. ಪುಡಿ ಹಾಕಿದ ನೀರು ಪೂರ್ತಿ ಒಂದ ಆಗಿರತದ. ಇದು ಒಂದ ಅಲ್ಲ. ಇದು ನೀರೂ ಹೌದು, ಕಾಳೂ ಹೌದು. ಬಾಯಾಗ ಹೋದ ಮ್ಯಾಲೆ ನೀರು ಬ್ಯಾರೆಯಾಗಿ ಮುಂದ ಓಡತದ, ಬೀಜ ಹಿಂದ ಉಳೀತಾವ. ನೀರು ಪುಪ್ಪುಸಕ್ಕ ಹೋಗತದ, ಬೀಜ ಲೋಳೆ ಲೋಳೆ, ಗಂಟಲದ ಗ್ವಾಡಿಗೆ ಹತ್ತಿಕೊಂಡು ಕೂಡತಾವ. ನಮಗಾದ್ರ ಇನ್ನೊಮ್ಮೆ ನುಂಗಿ ತೊಳಕೋತೀವಿ. ಅವರಿಗೆ ಅವು ಅಲ್ಲಿ ಇದ್ದದ್ದ ಗೊತ್ತಾಗಂಗಿಲ್ಲ. ಆಮ್ಯಾಲೆ ನಕ್ಕಾಗ, ಉಸಿರೆಳೆದಾಗ..."

"ನೆನಸೇ ಕೊಟ್ಟಿದ್ದೆ ನಾ. ಒಣಾ ಕೊಟ್ಟಿಲ್ಲ."

"ಒಣಾ ಕೊಟ್ಟಿದ್ರ ಇನ್ನೂ ಕೆಟ್ಟ. ನೆನಸಿದ್ದು ನಿಮಗ, ನನಗ, ನಿಮ್ಮ ಹಾಸ್ಟೆಲ್ ಹುಡಗ್ಯಾರಿಗೆ ಏನೂ ಮಾಡಂಗಿಲ್ಲ. ನುಂಗಲಿಕ್ಕ ಬರದವರಿಗೆ ನೆನಸಿದ್ದೂ ಬ್ಯಾಡ."

"ಮತ್ತ ಹೊಟ್ಟಿ? ನಾರಿನ ಅಂಶ ಐತಿ, ಸಾಫ್ ಆಗತೈತಿ ಅಂದ್ರು."

"ನಾರು ಕೆಲಸ ಮಾಡಬೇಕಂದ್ರ ಮ್ಯಾಲೆ ನೀರು ಬೇಕ ಅಕ್ಕಾ. ನೀವು ಹಾಕಿದ ನೀರನ್ನ ಬೀಜಾನ ಹಿಡಕೊಂಡು ಕುಂತಾವ. ಹೊಟ್ಟಿಗೆ ಬಿಟ್ಟುಕೊಡಂಗಿಲ್ಲ. ಅವ್ವಾರು ಬ್ಯಾರೆ ನೀರು ಕುಡಿದೇ ಇಲ್ಲ, ಮಲಗಿದಲ್ಲಿಂದ ಎದ್ದಿಲ್ಲ. ಮೊದಲ ಕಟ್ಟಿದ ಹೊಟ್ಟ್ಯಾಗ ಹೋಗಿ ಅದು ಇನ್ನಷ್ಟು ತುಂಬಿಕೊಂಡದ, ಗಾಳಿ ಹಿಡದದ."

ಬೀಜ ಹೆಚ್ಚು ಹಾಕಿದ್ದು ನೆನಪಾಗಿ ಭಾಗ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಶ್ರೀಲಕ್ಷ್ಮಿ ಅವಳ ಭುಜ ಮುಟ್ಟಿದಳು.

"ನಾ ಅನ್ನಾ-ಸಾರು ಅಂದೆ. ಸಬ್ಜಾ ಅನ್ನಲಿಲ್ಲ. ಬ್ಯಾಸಗ್ಯಾಗ ಮನಿ ಮನ್ಯಾಗ ಕುಡೀತಾರ, ಹೇಳಬೇಕಾಗಿತ್ತು" ಎಂದಳು. ಆ ಮಾತಿನಿಂದ ಭಾಗ್ಯಶ್ರೀಗೆ ಹಗುರಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆನಂದಕುಮಾರ, "ನೀ ಏನ ಬೇಕಂತ ಮಾಡೀಯೇನು, ಬಿಡು" ಎಂದ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಸಂಜೆಗೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಇನ್ನು ಬಾಯಿಂದ ಏನೂ ಇಲ್ಲ, ಹಾಲು, ಗಂಜಿ, ನೀರು ಎಲ್ಲ ನಳಿಕೆಯಿಂದಲೇ. ಎನಿಮಾ ಕೊಟ್ಟ ಮೇಲೆ ಹೊಟ್ಟೆ ಸಡಿಲಾಯಿತು. ಜ್ವರವೂ ನಾಲ್ಕು ದಿನಕ್ಕೆ ತಗ್ಗಿತು. ಗದಿಗೆಮ್ಮ ಕಣ್ಣು ತೆರೆದು, ಪಕ್ಕದ ಮಂಚದವಳ ಮೊಮ್ಮಗನ ಕೂದಲಿನ ಬಣ್ಣ ನೋಡಿ "ಮೆಣಸಿನಕಾಯಿ ಹಿಟ್ಟಿನ್ಯಾಗ ಬಿದ್ದಿದ್ನೇನು?" ಎಂದು ಪಿಸುಗುಟ್ಟಿದಾಗ, ಉಳಿದಳು ಎಂದು ಭಾಗ್ಯಶ್ರೀಗೆ ಮೊದಲ ಸಲ ಅನಿಸಿತು.

ನರ್ಸು ನಳಿಕೆಗೆ ದೊಡ್ಡ ಸಿರಿಂಜ್ ಜೋಡಿಸಿ, ನೀರು ಹಾಕುವುದನ್ನು ಅವಳಿಗೇ ಕಲಿಸಿದಳು. ಸಿರಿಂಜನ್ನು ಎತ್ತರ ಹಿಡಿದರೆ ನೀರು ತಾನಾಗಿ ಇಳಿಯುತ್ತಿತ್ತು. ತಿಳಿ ನೀರು. ಗಟ್ಟಿ ಮಾಡುವ ಗೋಜಿಲ್ಲ, ಕೆಮ್ಮಿಲ್ಲ. ಒಂದು ಲೋಟ ಪೂರ್ತಿ ಹೋಯಿತು.

"ನೀರ" ಎಂದಳು ಗದಿಗೆಮ್ಮ.

"ಈಗ ಹಾಕಿದ್ನೆಲ್ರಿ ಅತ್ತಿ. ಲೋಟಾ ತುಂಬ ಹೋತು ಹೊಟ್ಟಿಗೆ."

ಮುದುಕಿ ಒಣ ಬಾಯೊಳಗೆ ನಾಲಿಗೆ ಆಡಿಸಿ ನೋಡಿದಳು.

"ಹೊಟ್ಟಿಗೆ ಹೋಗಿರಬೇಕು. ಬಾಯಾಗ ಬರಲಿಲ್ಲ."

ಭಾಗ್ಯಶ್ರೀ ಸಿರಿಂಜ್ ತೊಳೆದಿಟ್ಟಳು. ಎಷ್ಟು ದಿನ ಈ ನಳಿಕೆ ಎಂದು ಶ್ರೀಲಕ್ಷ್ಮಿಯನ್ನು ಕೇಳಿದಳು. ಮತ್ತೆ ಪರೀಕ್ಷೆ ಮಾಡಿ ನೋಡೋಣ ಎಂದಳು ಅವಳು. ಕೆಲವರಿಗೆ ಗಂಟಲು ಮರಳಿ ಕಲಿಯುತ್ತದೆ, ಕೆಲವರಿಗೆ ಇಲ್ಲ. ಈ ನಿಮೋನಿಯಾದ ಮೇಲೆ ಅವಸರ ಮಾಡಲಿಕ್ಕೆ ಬರುವುದಿಲ್ಲ. ಮನೆಗೆ ನಳಿಕೆಯ ಜೊತೆಗೇ ಕಳಿಸುತ್ತಾರೆ. "ಕೆಲವರಿಗೆ ಇಲ್ಲ" ಎನ್ನುವಾಗ ಅವಳೂ ಬೇರೆ ಕಡೆ ನೋಡಿದಳು.

ಮರುದಿನ ಗದಿಗೆಮ್ಮ ನಳಿಕೆಯನ್ನು ಕಿತ್ತು ಹಾಕಿದಳು. ಮತ್ತೆ ಇಳಿಸುವಾಗ ಎರಡು ಮಂಚದಾಚೆಯವರೂ ನೋಡಲಾರದೆ ಎದ್ದು ಹೊರಗೆ ಹೋದರು. ಇನ್ನೊಮ್ಮೆ ಕೀಳದ ಹಾಗೆ ಸ್ವಾಧೀನವಿರುವ ಕೈಯನ್ನು ಕಟ್ಟಬೇಕು ಎಂದಳು ನರ್ಸು. ಬಟ್ಟೆಯ ಸುರುಳಿಯನ್ನು ಭಾಗ್ಯಶ್ರೀಯ ಕೈಗೆ ಕೊಟ್ಟು, ಬೇರೆ ಮಂಚಕ್ಕೆ ಓಡಿದಳು.

ಭಾಗ್ಯಶ್ರೀ ಅತ್ತೆಯ ಬಲಗೈಯನ್ನು ಮುಷ್ಟಿ ಮಾಡಿಸಿ, ಮಗುವಿಗೆ ಕುಲಾವಿ ಹಾಕಿದ ಹಾಗೆ ಬಟ್ಟೆ ಸುತ್ತಿದಳು. ಸಡಿಲಾಗಿ ಸುತ್ತಿದರೆ ಕಳಚಿಕೊಳ್ಳುತ್ತಾಳೆ, ಬಿಗಿಯಾಗಿ ಸುತ್ತಿದರೆ ನೋಯುತ್ತದೆ. ಗದಿಗೆಮ್ಮ ಜಗಳಾಡಲಿಲ್ಲ. ಗಂಟು ಹಾಕುವುದನ್ನು ಸುಮ್ಮನೆ ನೋಡಿದಳು. ಆ ಸುಮ್ಮನಿರುವಿಕೆ ಅವಳದಲ್ಲ, ಯಾರದೋ.

"ಭಾಗ್ಯಾ."

"ಹೇಳ್ರಿ ಅತ್ತಿ."

"ಒಂದ ಗುಟುಕು. ಸತ್ರ ಸಾಯ್ತೀನಿ. ನಿನ್ನ ಹೆಸರ ಹೇಳಂಗಿಲ್ಲ."

ಭಾಗ್ಯಶ್ರೀ ಸುತ್ತ ನೋಡಿದಳು. ಆನಂದಕುಮಾರ ಔಷಧಿ ತರಲು ಕೆಳಗೆ ಹೋಗಿದ್ದ. ಕಿಟಕಿಯ ಮೇಲೆ ತನ್ನದೇ ನೀರಿನ ಬಾಟಲಿ ಇತ್ತು. ನೀರು ಅರ್ಧ, ಬಿಸಿಲಿಗೆ ಹೊಳೆಯುತ್ತಿತ್ತು. ಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ಅವಳ ಕೈ ಬೆರಳುಗಳು ಬಲ್ಲವು. ಕೊಡದೆ ಇದ್ದರೆ ಏನಾಗುತ್ತದೆ ಎನ್ನುವುದು ಕಣ್ಣೆದುರಿಗೇ ಇತ್ತು.

ಬಾಯಿ ಒಣಗದಂತೆ ತುಟಿ ಒರೆಸಬಹುದು, ಅಷ್ಟೇ, ಬಟ್ಟೆ ಹಿಂಡಿರಬೇಕು ಎಂದಿದ್ದಳು ಶ್ರೀಲಕ್ಷ್ಮಿ. ಭಾಗ್ಯಶ್ರೀ ಗಾಜ್ ಬಟ್ಟೆಯ ತುಂಡನ್ನು ತೋಯಿಸಿದಳು, ಹಿಂಡಿದಳು. ಮತ್ತೊಮ್ಮೆ ಹಿಂಡಿದಳು. ತುಟಿಯ ಮೇಲೆ ಆಡಿಸಿದಳು. ಸೀಳಿದ ನಾಲಿಗೆ ಹೊರಗೆ ಬಂದು ತೇವವನ್ನು ಹುಡುಕಿತು. ಬಟ್ಟೆಯ ಅಂಚು ಹಲ್ಲಿಗೆ ತಾಗಿದ್ದೇ ತಡ, ಗದಿಗೆಮ್ಮ ಬಾಯಿ ಮುಚ್ಚಿ ಅದನ್ನು ಹಿಡಿದುಕೊಂಡಳು. ಕೆನ್ನೆ ಒಳಗೆ ಹೋಗುವಂತೆ ಚೀಪತೊಡಗಿದಳು. ಹಿಂಡಿ ಹಿಂಡಿ ಒಣಗಿಸಿದ ಬಟ್ಟೆಯಲ್ಲಿ ಏನಿತ್ತು ಚೀಪಲಿಕ್ಕೆ?

"ಬಿಡ್ರಿ ಅತ್ತಿ. ಬ್ಯಾಡ್ರಿ. ಬಿಡ್ರಿ ನಮ್ಮವ್ವಾ."

ಹಲ್ಲುಗಳು ಬಟ್ಟೆಯನ್ನು ಬಿಡಲಿಲ್ಲ. ಭಾಗ್ಯಶ್ರೀ ಒಂದು ಕೈಯಿಂದ ಅತ್ತೆಯ ಗದ್ದ ಹಿಡಿದು, ಇನ್ನೊಂದರಿಂದ ಬಟ್ಟೆಯನ್ನು ಮೆಲ್ಲಗೆ, ಆಮೇಲೆ ಜೋರಾಗಿ ಎಳೆಯತೊಡಗಿದಳು.